ಪ್ಯಾಕೆಟ್ ಮೇಲೆ ನವಣೆ ಚಿತ್ರ, ಒಳಗೆ ನವಣೆ ಎಷ್ಟು? ದೋಸೆ ಮಿಕ್ಸ್, ಶಾವಿಗೆ, ಬಿಸ್ಕೆಟ್ ಲೇಬಲ್ ಓದುವ ಬಗ್ಗೆ

ಸುಮಾ, ತುಮಕೂರು

ಅಪ್ಪನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಅಕ್ಕಿ ಕಡಿಮೆ ಮಾಡಿ ಅಂದಿದ್ದಾರೆ. ಅವರಿಗೆ ಬೆಳಿಗ್ಗೆ ದೋಸೆ ಬೇಕೇ ಬೇಕು, ನನಗೆ ದಿನಾ ರುಬ್ಬೋಕೆ ಆಗಲ್ಲ, ಹಾಗಾಗಿ ಸಿರಿಧಾನ್ಯದ ರೆಡಿ ಮಿಕ್ಸ್ ನೋಡುತ್ತಿದ್ದೇನೆ. ಅಂಗಡಿಯಲ್ಲಿ ಮೂರು ಥರದ ಪ್ಯಾಕೆಟ್ ಸಿಕ್ಕಿತು. ಮೂರೂ 500 ಗ್ರಾಂ. ಹಿಂದೆ ಬರೆದಿದ್ದನ್ನು ಹಾಗೇ ಟೈಪ್ ಮಾಡುತ್ತಿದ್ದೇನೆ, ಬ್ರ್ಯಾಂಡ್ ಹೆಸರು ಬೇಡ.

ಮೊದಲನೆಯದು, ಮುಂದೆ "ನವಣೆ ದೋಸೆ" ಅಂತಿದೆ, 165 ರೂಪಾಯಿ: ಅಕ್ಕಿ ಹಿಟ್ಟು (46%), ನವಣೆ ಹಿಟ್ಟು (22%), ಉದ್ದಿನ ಹಿಟ್ಟು (18%), ಅವಲಕ್ಕಿ ಪುಡಿ, ಉಪ್ಪು, ಮೆಂತ್ಯ.

ಎರಡನೆಯದು, "ಮಲ್ಟಿ ಮಿಲೆಟ್ ದೋಸೆ", 180 ರೂಪಾಯಿ: ಮಿಶ್ರ ಧಾನ್ಯದ ಹಿಟ್ಟು (68%) [ಅಕ್ಕಿ, ಜೋಳ, ರಾಗಿ, ನವಣೆ, ಸಾಮೆ], ಉದ್ದಿನ ಹಿಟ್ಟು (24%), ಉಪ್ಪು, ಮೆಂತ್ಯ, ಮತ್ತೆ ಒಂದು ಆಮ್ಲದ ಹೆಸರು.

ಮೂರನೆಯದು 210 ರೂಪಾಯಿ: ನವಣೆ ಹಿಟ್ಟು (35%), ಉದ್ದಿನ ಹಿಟ್ಟು (25%), ಸಾಮೆ ಹಿಟ್ಟು (20%), ಅಕ್ಕಿ ಹಿಟ್ಟು (15%), ಉಪ್ಪು, ಮೆಂತ್ಯ.

ಎರಡನೆಯದರಲ್ಲಿ 68 ಅಂತ ಇರೋದರಿಂದ ಅದೇ ಜಾಸ್ತಿ ಸಿರಿಧಾನ್ಯದ್ದು ಅಂತ ಅಂಗಡಿಯವರು ಹೇಳಿದರು. ನನಗ್ಯಾಕೋ ಡೌಟು. ನೀವೆಲ್ಲ ಹೇಗೆ ನೋಡ್ತೀರಿ?

ಗಿರೀಶ್ ಬಿ. ಕೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಬೇಡ ಮೇಡಂ. ಸುಲಭದ ದಾರಿ ಹೇಳ್ತೀನಿ. ಪಟ್ಟಿಯಲ್ಲಿ ಮೊದಲ ಹೆಸರು ಯಾವುದು ನೋಡಿ. ಜಾಸ್ತಿ ಇರೋದನ್ನು ಮೊದಲು ಬರೀಲೇಬೇಕು ಅಂತ ನಿಯಮ ಇದೆ. ಮೊದಲ ಹೆಸರು ಸಿರಿಧಾನ್ಯ ಆಗಿದ್ದರೆ ತಗೊಳ್ಳಿ, ಇಲ್ಲದಿದ್ದರೆ ವಾಪಸ್ ಇಡಿ. ಇನ್ನೊಂದು ವಿಷಯ, 2023ರಲ್ಲಿ ಸರ್ಕಾರ ಕಾನೂನು ಮಾಡಿದೆ, ಮಿಲೆಟ್ ಅಂತ ಹೆಸರಿಟ್ಟು ಮಾರಬೇಕಾದರೆ ಕನಿಷ್ಠ 70% ಮಿಲೆಟ್ ಇರಲೇಬೇಕು. ಮೊದಲ ಪ್ಯಾಕೆಟ್ ಮೇಲೆ ದೂರು ಕೊಡಬಹುದು ನೀವು.

ನಾಗರತ್ನ

ನಾನು ಹಿಟ್ಟು, ಮಿಕ್ಸ್ ತಯಾರಿಸುವ ಕಡೆ ಕ್ವಾಲಿಟಿ ವಿಭಾಗದಲ್ಲಿ ತುಂಬಾ ವರ್ಷ ಇದ್ದವಳು. ಈಗ ಮನೆಯಲ್ಲೇ ಇದ್ದೇನೆ, ಹಾಗಾಗಿ ಉದ್ದಕ್ಕೆ ಬರೀತೀನಿ.

ಗಿರೀಶ್ ಅವರೇ, ತೂಕದ ಇಳಿಕೆ ಕ್ರಮದಲ್ಲಿ ಬರೀಬೇಕು ಅನ್ನೋದು ಸರಿ. ಆದರೆ 70ರ ಮಾತು ಬೇರೆ ವಿಷಯ. 2023ರ ಅಕ್ಟೋಬರಿನಲ್ಲಿ ಜಿಎಸ್‌ಟಿ ಕೌನ್ಸಿಲ್ ತೆರಿಗೆ ಬಗ್ಗೆ ಒಂದು ತೀರ್ಮಾನ ಮಾಡಿತು. ಪುಡಿ ರೂಪದ ಮಿಕ್ಸಿನಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ 70% ಸಿರಿಧಾನ್ಯ ಇದ್ದರೆ, ಬಿಡಿಯಾಗಿ ಮಾರಿದರೆ ತೆರಿಗೆ ಇಲ್ಲ, ಪ್ಯಾಕ್ ಮಾಡಿ ಲೇಬಲ್ ಹಾಕಿ ಮಾರಿದರೆ 5% ಅಂತ. ಅದು ತೆರಿಗೆ ಲೆಕ್ಕ ಅಷ್ಟೇ. ಹೆಸರಿಡೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ದೂರು ನಿಲ್ಲಲ್ಲ.

ನಿಲ್ಲುವ ನಿಯಮ ಇನ್ನೊಂದಿದೆ. ಎಫ್‌ಎಸ್‌ಎಸ್‌ಎಐಯ 2020ರ ಲೇಬಲ್ ನಿಯಮದ ಪ್ರಕಾರ, ಯಾವ ಪದಾರ್ಥವನ್ನು ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸುತ್ತಾರೋ ಅದರ ಶೇಕಡಾ ಪ್ರಮಾಣ ಬರೀಬೇಕು. ಮೊದಲ ಪ್ಯಾಕೆಟ್‌ನವರು ನವಣೆ ಅಂತ ಹೆಸರಿಟ್ಟರು, 22 ಅಂತ ಬರೆದರು. ಅಲ್ಲಿಗೆ ಕಾನೂನಿನ ಕಣ್ಣಲ್ಲಿ ಅವರು ಸರಿ. 22 ಸಾಕಾ ಅಂತ ತೀರ್ಮಾನ ಮಾಡೋದು ನಮಗೇ ಬಿಟ್ಟಿದ್ದು.

ಸುಮಾ, ನಿಮ್ಮ ಎರಡನೇ ಪ್ಯಾಕೆಟ್ಟೇ ಇಲ್ಲಿ ನಿಜವಾದ ಪಾಠ. 68 ಅನ್ನೋದು ಯಾವುದರ ಪ್ರಮಾಣ? ಸಿರಿಧಾನ್ಯದ್ದಲ್ಲ, "ಮಿಶ್ರ ಧಾನ್ಯ"ದ್ದು. ಬ್ರ್ಯಾಕೆಟ್ ಒಳಗೂ ಇಳಿಕೆ ಕ್ರಮವೇ ಇರಬೇಕು, ಅಲ್ಲಿ ಮೊದಲ ಹೆಸರು ಅಕ್ಕಿ. ಐದು ಧಾನ್ಯವನ್ನೂ ಸಮ ಹಾಕಿದ್ದಾರೆ ಅಂತ ಉದಾರವಾಗಿ ಹಿಡಿದರೂ ಅಕ್ಕಿ ಸುಮಾರು 14, ಉಳಿದ ನಾಲ್ಕೂ ಸೇರಿ 54. ಇದು ಅತಿ ಹೆಚ್ಚಿನ ಮಿತಿ. ಇನ್ನೊಂದು ತುದಿ ನೋಡಿ: ಅಕ್ಕಿ 60 ಹಾಕಿ ಉಳಿದ ನಾಲ್ಕನ್ನೂ ಎರಡೆರಡು ಹಾಕಿದರೂ ಈ ಪಟ್ಟಿಯಲ್ಲಿ ಒಂದಕ್ಷರ ಬದಲಾಗಲ್ಲ. ಅಂದರೆ ಸಿರಿಧಾನ್ಯ 8 ಕೂಡ ಇರಬಹುದು, 54 ಕೂಡ ಇರಬಹುದು. ಇಷ್ಟು ಅಗಲದ ಅಂದಾಜಿಗೆ ನಾನು ದುಡ್ಡು ಕೊಡಲ್ಲ. ಕಂಪನಿಗೆ ಮೇಲ್ ಹಾಕಿ ಕೇಳಬಹುದು, ಕೆಲವರು ಹೇಳ್ತಾರೆ.

ಮೂರನೆಯದು ನೇರ. 35 ಮತ್ತೆ 20, ಒಟ್ಟು 55.

ರೇಖಾ, ಧಾರವಾಡ

ನಾಗರತ್ನಕ್ಕ, ಹಂಗಂದ್ರೆ 210 ರೂಪಾಯಿದೇ ಅಗ್ಗ ಆಯ್ತಲ್ಲ? ಲೆಕ್ಕ ಹಾಕಿದೆ ನೋಡ್ರಿ. ಮೊದಲನೇದರಾಗ 500 ಗ್ರಾಂನಲ್ಲಿ ನವಣೆ 110 ಗ್ರಾಂ, ಅದಕ್ಕೆ 165 ರೂಪಾಯಿ. ಮೂರನೇದರಾಗ ಸಿರಿಧಾನ್ಯ 275 ಗ್ರಾಂ, 210 ರೂಪಾಯಿ. ನೂರು ಗ್ರಾಂ ಸಿರಿಧಾನ್ಯಕ್ಕೆ ಒಂದರಲ್ಲಿ 150 ಬೀಳುತ್ತೆ, ಇನ್ನೊಂದರಲ್ಲಿ 76. ಬಿಡಿ ನವಣೆ ಅಕ್ಕಿ ನಮ್ಮ ಕಡೆ ಕೆಜಿಗೇ ನೂರರ ಆಚೀಚೆ ಸಿಗುತ್ತೆ, ಆ ಮಾತು ಬೇರೆ.

ನಾಗರತ್ನ

ಹೌದು ರೇಖಾ, ಆದರೆ ಉದ್ದಿಗೂ ಬೆಲೆ ಇದೆ, ಅದನ್ನು ಮರೀಬೇಡಿ. ಮೂರನೆಯದರಲ್ಲಿ ಉದ್ದು 25, ಮೊದಲನೆಯದರಲ್ಲಿ 18. ಉದ್ದು ಕಡಿಮೆ ಮಾಡಿ ಅವಲಕ್ಕಿ ಸೇರಿಸಿದ್ದಾರೆ, ಅವಲಕ್ಕಿನೂ ಅಕ್ಕಿನೇ.

ಗಿರೀಶ್ ಬಿ. ಕೆ.

ತೆರಿಗೆ ವಿಷಯ ಒಪ್ಪಿದೆ. ಆದರೆ ಮೊದಲ ಹೆಸರಿನ ಸೂತ್ರ ಯಾಕೆ ತಪ್ಪು? ಈ ಮೂರರಲ್ಲೂ ಅದು ಸರಿಯಾಗೇ ಬಂತಲ್ಲ. ಎರಡರಲ್ಲಿ ಅಕ್ಕಿ ಮೊದಲು, ಬಿಡಿ. ಒಂದರಲ್ಲಿ ನವಣೆ ಮೊದಲು, ತಗೊಳ್ಳಿ.

ನಾಗರತ್ನ

ಇಲ್ಲಿ ಬಂತು. ಎಲ್ಲ ಕಡೆ ಬರಲ್ಲ. ಒಂದು ರಾಗಿ ಇಡ್ಲಿ ಮಿಕ್ಸ್ ಇದೆ ಅಂದುಕೊಳ್ಳಿ: ರಾಗಿ ಹಿಟ್ಟು (28%), ಅಕ್ಕಿ ರವೆ (26%), ಉದ್ದಿನ ಹಿಟ್ಟು (20%), ಅಕ್ಕಿ ಹಿಟ್ಟು (14%), ಅವಲಕ್ಕಿ ಪುಡಿ (8%). ರಾಗಿ ಮೊದಲು ಬಂತು. ಆದರೆ ಅಕ್ಕಿ ರವೆ, ಅಕ್ಕಿ ಹಿಟ್ಟು, ಅವಲಕ್ಕಿ ಮೂರೂ ಕೂಡಿಸಿ, 48. ಅಕ್ಕಿಯನ್ನು ಮೂರು ಚೂರು ಮಾಡಿ ಬೇರೆ ಬೇರೆ ಹೆಸರಲ್ಲಿ ಇಟ್ಟಿದ್ದರಿಂದ ರಾಗಿ ಮೇಲೆ ಕೂತಿತು. ಎಲ್ಲ ಸಲವೂ ಮೋಸಕ್ಕೇ ಹೀಗೆ ಮಾಡ್ತಾರೆ ಅಂತ ಹೇಳಲ್ಲ, ಇಡ್ಲಿಗೆ ರವೆ ಬೇಕು, ಮೃದುವಾಗೋಕೆ ಅವಲಕ್ಕಿ ಬೇಕು. ಆದರೆ ಓದುವಾಗ ಒಂದೇ ಕಾಳಿನಿಂದ ಬಂದಿದ್ದನ್ನೆಲ್ಲ ಒಟ್ಟು ಮಾಡಿ ನೋಡಿ. ಗೋಧಿಗೂ ಇದೇ ಆಟ: ಮೈದಾ, ಗೋಧಿ ಹಿಟ್ಟು, ರವೆ. ಸಕ್ಕರೆಗೆ ಇನ್ನೂ ಜಾಸ್ತಿ ವೇಷ: ಸಕ್ಕರೆ, ಬೆಲ್ಲದ ಪುಡಿ, ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್.

ಗಿರೀಶ್ ಬಿ. ಕೆ.

ಅಷ್ಟು ಕೂಡಿಸೋಕೆ ಅಂಗಡಿಯಲ್ಲಿ ಯಾರಿಗೆ ಟೈಮ್ ಇರುತ್ತೆ. ನನ್ನ ಸೂತ್ರ ಹತ್ತರಲ್ಲಿ ಎಂಟು ಸಲ ಕೆಲಸ ಮಾಡುತ್ತೆ, ನನಗೆ ಅದು ಸಾಕು.

ಲತಾ ಎಂ.

ನನ್ನ ಮಗಳಿಗೆ ಗೋಧಿ ಆಗಲ್ಲ, ಸೀಲಿಯಾಕ್ ಅಂತ ಹೇಳಿದ್ದಾರೆ. ನೀವು ಹೇಳೋ ಹಾಗೆ 55% ಇರೋದು ತಗೊಂಡರೆ ಸಾಕಾ ಅಥವಾ 70% ಮೇಲೇ ಬೇಕಾ? ಈಗ ಒಂದು ರಾಗಿ ಶಾವಿಗೆ ತರಿಸ್ತೀನಿ, ಅದರಲ್ಲಿ 60 ಇದೆ.

ನಾಗರತ್ನ

ಲತಾ, ದಯವಿಟ್ಟು ಆ ಶಾವಿಗೆ ಕೊಡೋದು ನಿಲ್ಲಿಸಿ, ಉಳಿದ 40 ಏನು ಅಂತ ಮೊದಲು ನೋಡಿ. ಹೆಚ್ಚು ಕಡಿಮೆ ಗೋಧಿ ರವೆ ಅಥವಾ ಮೈದಾನೇ ಇರುತ್ತೆ. ನಿಮ್ಮ ಪ್ರಶ್ನೆ ಬೇರೆ, ಈ ಶೇಕಡಾ ಲೆಕ್ಕ ನಿಮಗೆ ಉಪಯೋಗ ಇಲ್ಲ. ರಾಗಿ 95 ಇದ್ದು ಗೋಧಿ 5 ಇದ್ದರೂ ನಿಮ್ಮ ಮಗಳಿಗೆ ಆಗಲ್ಲ. "ಗ್ಲುಟೆನ್ ಫ್ರೀ" ಅಂತ ಬರೆದಿರೋದೇ ಹುಡುಕಿ, ಹಾಗೆ ಬರೀಬೇಕಾದರೆ ಕೆಜಿಗೆ 20 ಮಿಲಿಗ್ರಾಂ ಒಳಗೇ ಇರಬೇಕು. ಪಟ್ಟಿಯ ಕೆಳಗೆ ಅಲರ್ಜಿ ಬಗ್ಗೆ ಒಂದು ಸಾಲು ಇರುತ್ತೆ, ಗೋಧಿ ಇದೆ ಅಂತ ಅಲ್ಲಿ ಹೇಳಿರ್ತಾರೆ. ಮತ್ತೆ ಇಂಗು! ಉಪ್ಪಿಟ್ಟು ಮಿಕ್ಸ್, ಪೊಂಗಲ್ ಮಿಕ್ಸ್ ತಗೊಂಡಾಗ ಒಗ್ಗರಣೆಯ ಇಂಗಿಗೆ ಗೋಧಿ ಹಿಟ್ಟು ಸೇರಿಸಿರ್ತಾರೆ. ಎಷ್ಟೋ ಜನ ಅದನ್ನು ಗಮನಿಸಲ್ಲ.

ಲತಾ ಎಂ.

ಅಯ್ಯೋ ಇಂಗು ಗೊತ್ತೇ ಇರಲಿಲ್ಲ. ಮನೆಯ ಡಬ್ಬಿ ನೋಡಿದೆ, ನಿಜ, ಗೋಧಿ ಹಿಟ್ಟು ಅಂತಿದೆ. ಥ್ಯಾಂಕ್ಸ್ ಅಕ್ಕ.

ಪ್ರಕಾಶ್, ಮಂಡ್ಯ

ನಮ್ಮ ಕಡೆ ರಾಗಿ ಮೂಟೆ ಮೂಟೆ ಬೆಳೀತೀವಿ. ಮಿಲ್ಲಿಗೆ ಹಾಕಿಸಿ ಹಿಟ್ಟು ಮಾಡಿಸಿದರೆ ನೂರಕ್ಕೆ ನೂರು ರಾಗಿ. ಪ್ಯಾಕೆಟ್ ಯಾಕ್ರೀ ಬೇಕು ನಿಮಗೆ. ಮುದ್ದೆ ಮಾಡ್ಕೊಂಡು ತಿನ್ನಿ.

ರೇಖಾ, ಧಾರವಾಡ

ಪ್ರಕಾಶ್ ಅಣ್ಣಾರೆ, ಮಕ್ಕಳು ಬಿಸ್ಕೆಟ್ ಕೇಳ್ತಾವ್ರಿ, ಮುದ್ದೆ ಅಲ್ಲ. ಅದಕ್ಕೇ ನನ್ನ ಪ್ರಶ್ನೆ. ಮನೆ ಹತ್ತಿರದ ಬೇಕರಿದು ರಾಗಿ ಬಿಸ್ಕೆಟ್, ಮುಂದೆ ದೊಡ್ಡ ರಾಗಿ ತೆನೆ ಚಿತ್ರ. ಹಿಂದೆ: ಮೈದಾ, ಸಕ್ಕರೆ, ಪಾಮ್ ಎಣ್ಣೆ, ರಾಗಿ ಹಿಟ್ಟು, ಹಾಲಿನ ಪುಡಿ, ಉಪ್ಪು, ಸೋಡಾ, ಬಣ್ಣ ಕ್ಯಾರಮೆಲ್. ಶೇಕಡಾ ಎಲ್ಲೂ ಇಲ್ಲ. ಪೋಷಕಾಂಶದ ಕೋಷ್ಟಕ ಇದೆ: ನೂರು ಗ್ರಾಂಗೆ ಸೇರಿಸಿದ ಸಕ್ಕರೆ 24 ಗ್ರಾಂ, ಕೊಬ್ಬು 18 ಗ್ರಾಂ, ಸೋಡಿಯಂ 320 ಮಿಲಿಗ್ರಾಂ. ಇದರಾಗ ರಾಗಿ ಎಷ್ಟು ಅಂತ ಹೇಳೋಕೆ ಬರುತ್ತಾ?

ನಾಗರತ್ನ

ಪೂರ್ತಿ ಹೇಳೋಕೆ ಬರಲ್ಲ, ಕಟ್ಟಿ ಹಾಕೋಕೆ ಬರುತ್ತೆ. ಚಿತ್ರ ಹಾಕಿ ಶೇಕಡಾ ಬರೀದೆ ಇರೋದೇ ನಿಯಮಕ್ಕೆ ವಿರುದ್ಧ, ಅದು ಹಾಗಿರಲಿ.

ಕ್ರಮ ನೋಡಿ. ರಾಗಿ ಪಾಮ್ ಎಣ್ಣೆಯ ಹಿಂದೆ ಇದೆ, ಅಂದರೆ ಎಣ್ಣೆಗಿಂತ ಜಾಸ್ತಿ ಇರೋಕೆ ಸಾಧ್ಯ ಇಲ್ಲ. ಎಣ್ಣೆ ಎಷ್ಟು? ಒಟ್ಟು ಕೊಬ್ಬೇ 18, ಅದರಲ್ಲಿ ಸ್ವಲ್ಪ ಹಾಲಿನ ಪುಡಿದು, ಹಿಟ್ಟಿನದು. ಎಣ್ಣೆ ಹದಿನೇಳರ ಆಸುಪಾಸು ಇರಬಹುದು. ಹಾಗಾದರೆ ರಾಗಿ 17 ದಾಟಲ್ಲ. ಬೇಯುವಾಗ ನೀರು ಹೋಗೋದರಿಂದ ಒಂದೆರಡು ಅಂಕಿ ಆಚೀಚೆ ಆಗುತ್ತೆ, ಅದರಿಂದ ತೀರ್ಮಾನ ಬದಲಾಗಲ್ಲ.

ಕೆಳಗಿನ ಮಿತಿ ಉಪ್ಪಿನಿಂದ ಸಿಗುತ್ತೆ. ಸೋಡಿಯಂನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 320 ಅಂದರೆ 800 ಮಿಲಿಗ್ರಾಂ, ಒಂದು ಗ್ರಾಂಗೂ ಕಡಿಮೆ. ಸೋಡಾದಲ್ಲೂ ಸೋಡಿಯಂ ಇರೋದರಿಂದ ನಿಜವಾದ ಉಪ್ಪು ಇನ್ನೂ ಕಡಿಮೆ. ನಿಮ್ಮ ಬಿಸ್ಕೆಟ್‌ನಲ್ಲಿ ರಾಗಿ ಉಪ್ಪಿಗಿಂತ ಮೇಲಿದೆ, ಹಾಗಾಗಿ ಅದಕ್ಕಿಂತ ಜಾಸ್ತಿ. ಎಷ್ಟು ಜಾಸ್ತಿ? ಗೊತ್ತಾಗಲ್ಲ. 3 ಇರಬಹುದು, 15 ಇರಬಹುದು. ಬಿಸ್ಕೆಟ್ಟಿನ ಕಂದು ಬಣ್ಣ ನೋಡಿ ರಾಗಿ ಜಾಸ್ತಿ ಅಂದುಕೊಳ್ಳಬೇಡಿ, ಅದಕ್ಕೆ ಕ್ಯಾರಮೆಲ್ ಇದೆ.

ಈ ಉಪ್ಪಿನ ಗೆರೆ ಮಿಕ್ಸ್‌ಗಳಿಗೆ ತುಂಬಾ ಕೆಲಸಕ್ಕೆ ಬರುತ್ತೆ. "ಒಂಬತ್ತು ಸಿರಿಧಾನ್ಯ" ಅಂತ ಮುಂದೆ ಒಂಬತ್ತು ಬಟ್ಟಲಿನ ಚಿತ್ರ ಹಾಕಿರ್ತಾರೆ. ಹಿಂದೆ ನೋಡಿದರೆ ಅಕ್ಕಿ, ಉದ್ದು, ರಾಗಿ, ಜೋಳ, ಸಜ್ಜೆ, ನವಣೆ, ಉಪ್ಪು, ಆಮೇಲೆ ಸಾಮೆ, ಊದಲು, ಹಾರಕ, ಬರಗು, ಕೊರಲೆ. ಸೋಡಿಯಂ 720 ಇದ್ದರೆ ಉಪ್ಪು 1.8 ಗ್ರಾಂ. ಉಪ್ಪಿನ ಹಿಂದೆ ಇರೋ ಐದೂ ತಲಾ 1.8 ದಾಟಲ್ಲ. ಐದೂ ಸೇರಿ ಹೆಚ್ಚೆಂದರೆ 9. ಆ ಐದು ಬಟ್ಟಲು ಚಿತ್ರಕ್ಕೆ ಮಾತ್ರ ಬಂದವು.

ರೇಖಾ, ಧಾರವಾಡ

ಉಪ್ಪಿನ ಉಪಾಯ ಭಾರಿ ಐತಿ!

ಶಿವಶಂಕರ್ (ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ)

ರಾಗಿಗೆ ಮಾತ್ರ ಅನ್ವಯಿಸುವ ಇನ್ನೊಂದು ಪರೀಕ್ಷೆ ಇದೆ, ಅದನ್ನು ಯಾರೂ ಹೇಳಲಿಲ್ಲ. ಕ್ಯಾಲ್ಸಿಯಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340-360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಮೈದಾ, ರವೆಯಲ್ಲಿ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ನನ್ನ ಮನೆಯಲ್ಲಿರುವ ರಾಗಿ ಶಾವಿಗೆಯ ಕೋಷ್ಟಕದಲ್ಲಿ ಕ್ಯಾಲ್ಸಿಯಂ 115 ಎಂದಿದೆ. ರವೆಯ ಪಾಲಿಗೆ ಒಂದು 15 ಬಿಟ್ಟರೆ ಉಳಿದದ್ದು 100. ಅದನ್ನು 340ರಿಂದ ಭಾಗಿಸಿದರೆ ಸುಮಾರು 0.3. ಅಂದರೆ ರಾಗಿ 30% ಆಸುಪಾಸು. ಪಟ್ಟಿಯಲ್ಲೂ 30 ಎಂದೇ ಬರೆದಿದ್ದಾರೆ. ಸಂತೋಷವಾಯಿತು.

ನಾಗರತ್ನ

ಚೆನ್ನಾಗಿದೆ ಸರ್. ಎರಡು ಕಡೆ ಎಚ್ಚರ ಬೇಕು. ಹಾಲಿನ ಪುಡಿ ಇದ್ದರೆ ಕ್ಯಾಲ್ಸಿಯಂ ಅದರಿಂದಲೂ ಬರುತ್ತೆ. ರಾಗಿ ಮಾಲ್ಟ್, ಮಕ್ಕಳ ಪೇಯಗಳಲ್ಲಿ ಕ್ಯಾಲ್ಸಿಯಂ ಲವಣ ಬೇರೆಯಾಗಿ ಹಾಕಿರ್ತಾರೆ, ಅಲ್ಲಿ ಈ ಲೆಕ್ಕ ಹಾಳು. ಮತ್ತೆ ಕ್ಯಾಲ್ಸಿಯಂ ಬರೀಲೇಬೇಕು ಅಂತೇನೂ ಇಲ್ಲ, ಬಹಳ ಪ್ಯಾಕೆಟ್‌ನಲ್ಲಿ ಇರೋದೇ ಇಲ್ಲ.

ಶಿವಶಂಕರ್ (ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ)

ಒಪ್ಪುತ್ತೇನೆ. ಆದರೆ ಶಾವಿಗೆಯಂಥ ಸರಳ ವಸ್ತುವಿಗೆ ಇದಕ್ಕಿಂತ ಒಳ್ಳೆಯ ತಾಳೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ನಾರಿನ ಅಂಶವನ್ನೂ ನೋಡಬಹುದಲ್ಲವೇ?

ನಾಗರತ್ನ

ನಾರು ನಂಬೋಕಾಗಲ್ಲ ಸರ್. ಗೋಧಿ ತೌಡು ಸೇರಿಸಿದರೂ ನಾರು ಏರುತ್ತೆ. ಇನ್ನೊಂದು ಕಡೆ, ನವಣೆ ಸಾಮೆಯನ್ನು ಜಾಸ್ತಿ ಪಾಲಿಶ್ ಮಾಡಿದ್ದರೆ 80% ಹಾಕಿದ್ದರೂ ನಾರು ಬಡಕಲಾಗಿರುತ್ತೆ. ಪಾಲಿಶ್ ಆಗಿದೆಯಾ ಇಲ್ಲವಾ ಅನ್ನೋದು ಶೇಕಡಾದಲ್ಲಿ ಕಾಣಲ್ಲ. "ನವಣೆ ಹಿಟ್ಟು 35" ಅಂದರೆ 35, ಯಾವ ನವಣೆ ಅಂತ ಹೇಳಲ್ಲ. ಇದಕ್ಕೆ ನನ್ನ ಹತ್ತಿರವೂ ಲೇಬಲ್ ನೋಡಿ ಹೇಳುವ ಉಪಾಯ ಇಲ್ಲ.

ಡಲ್ಲಾಸ್ ಕನ್ನಡಿಗ

ಇಲ್ಲಿ ಇಂಡಿಯನ್ ಸ್ಟೋರ್‌ನಲ್ಲಿ ಸಿಗೋ ಪ್ಯಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಶೇಕಡಾನೇ ಇರಲ್ಲ. ಇಲ್ಲಿನ ಲೇಬಲ್ ಬೇರೆ ಥರ. ಇಂಡಿಯಾ ಲೇಬಲ್ ಮೇಲೆ ಒಂದು ಸ್ಟಿಕ್ಕರ್ ಮೆತ್ತಿರ್ತಾರೆ, ಮೂಲ ಪಟ್ಟಿ ಅದರ ಕೆಳಗೆ. ಉಗುರಿನಲ್ಲಿ ಕೆರೆದು ನೋಡೋ ಸ್ಥಿತಿ. ಉಪ್ಪು, ಸಕ್ಕರೆಯ ಗೆರೆ ಇಲ್ಲೂ ನಡೆಯುತ್ತೆ, ಆದರೆ ಕೋಷ್ಟಕ ಒಂದು ಸರ್ವಿಂಗ್‌ಗೆ ಕೊಟ್ಟಿರ್ತಾರೆ. ಮೊದಲು ನೂರು ಗ್ರಾಂಗೆ ಏರಿಸಿಕೊಂಡು ಆಮೇಲೆ ಲೆಕ್ಕ ಹಾಕಿ, ಇಲ್ಲಾಂದ್ರೆ ಎಲ್ಲ ತಪ್ಪುತ್ತೆ.

ಸುಮಾ, ತುಮಕೂರು

ಎಲ್ಲರಿಗೂ ಥ್ಯಾಂಕ್ಸ್, ಮೂರನೆಯದನ್ನೇ ತಂದೆ. ಆದರೆ ಇನ್ನೊಂದು ಗೊಂದಲ. 55 ಅಂದರೆ ಅರ್ಧ ಚಿಲ್ಲರೆ ಅಷ್ಟೇ ಅಲ್ವಾ? ನೂರು ಪರ್ಸೆಂಟ್ ದೋಸೆ ಮಿಕ್ಸ್ ಯಾಕೆ ಯಾರೂ ಮಾಡಲ್ಲ?

ನಾಗರತ್ನ

ಒಳ್ಳೆ ಪ್ರಶ್ನೆ, ಇದನ್ನು ಮೊದಲೇ ಹೇಳಬೇಕಿತ್ತು. ಪ್ರತಿ ತಿನಿಸಿಗೂ ಒಂದು ಛಾವಣಿ ಇರುತ್ತೆ, ಅದಕ್ಕಿಂತ ಮೇಲೆ ಸಿರಿಧಾನ್ಯ ಹೋಗೋಕೆ ಆಗಲ್ಲ. ಆ ಛಾವಣಿಗೆ ಹೋಲಿಸಿ ನೋಡಬೇಕು, ನೂರಕ್ಕಲ್ಲ.

ದೋಸೆ ತಗೊಳ್ಳಿ. ಮನೆಯಲ್ಲೇ ಮಾಡಿದರೂ ಉದ್ದು ಬೇಕು. 600 ಗ್ರಾಂ ನವಣೆಗೆ 200 ಗ್ರಾಂ ಉದ್ದು, ಒಂದು ಹಿಡಿ ಅವಲಕ್ಕಿ, ಸ್ವಲ್ಪ ಮೆಂತ್ಯ. ತೂಕ ಹಾಕಿದರೆ ನವಣೆ 70ರ ಹತ್ತಿರ ಬರುತ್ತೆ. ಅಕ್ಕಿ ಒಂದು ಕಾಳೂ ಇಲ್ಲದೆ ಇಷ್ಟು. ಹಾಗಾಗಿ 70ಕ್ಕೆ 55 ಅಂದರೆ ಚೆನ್ನಾಗೇ ಇದೆ, 22 ಅಂದರೆ ಮೂರನೇ ಒಂದು ಭಾಗ ಅಷ್ಟೇ.

ಬಿಸ್ಕೆಟ್‌ನಲ್ಲಿ ಸಕ್ಕರೆ, ಎಣ್ಣೆಯೇ ನಲವತ್ತರ ಮೇಲೆ ತಿಂದುಬಿಡುತ್ತೆ. ಹಿಟ್ಟಿಗೆ ಉಳಿಯೋದು ಸುಮಾರು 55. ಅದರಲ್ಲಿ ರಾಗಿ 25 ಇದ್ದರೆ ಹಿಟ್ಟಿನ ಅರ್ಧ ಹತ್ತಿರ ರಾಗಿನೇ ಅಂತಾಯ್ತು. ಆ ಬಿಸ್ಕೆಟ್ ರಾಗಿಯ ಮಟ್ಟಿಗೆ ಪ್ರಾಮಾಣಿಕ, ಸಕ್ಕರೆಯ ಮಟ್ಟಿಗೆ ಬಿಸ್ಕೆಟ್ಟೇ.

ಒಣ ಶಾವಿಗೆ, ನೂಡಲ್ಸ್‌ಗೆ ಎಳೆ ಹಿಡಿದು ನಿಲ್ಲೋಕೆ ಗೋಧಿಯ ಜಿಗುಟು ಬೇಕು. ರಾಗಿಯಲ್ಲಿ ಅದಿಲ್ಲ. ಮನೆಯಲ್ಲಿ ಒತ್ತು ಶಾವಿಗೆ ಪೂರ್ತಿ ರಾಗಿಯಲ್ಲೇ ಬರುತ್ತಲ್ಲ ಅಂತ ಕೇಳಬಹುದು. ಅಲ್ಲಿ ಹಿಟ್ಟನ್ನು ಮೊದಲೇ ಬೇಯಿಸಿ ಒತ್ತಿ, ಬಿಸಿಯಲ್ಲೇ ತಿಂದು ಮುಗಿಸ್ತೀವಿ. ಒಣಗಿಸಿ ಲಾರಿಯಲ್ಲಿ ಸಾಗಿಸೋದು ಬೇರೆ ಕಥೆ. ಹಬೆಯಲ್ಲಿ ಬೇಯಿಸಿ ಪೂರ್ತಿ ರಾಗಿಯಲ್ಲೂ ಮಾಡ್ತಾರೆ, ಬೆಲೆ ಜಾಸ್ತಿ, ಮುರಿಯೋದೂ ಜಾಸ್ತಿ. ನೂಡಲ್ಸ್‌ನಲ್ಲಿ ಇನ್ನೊಂದು ನೋಡಿ: ಬರೆದ ಶೇಕಡಾ ನೂಡಲ್ಸ್ ಗಟ್ಟಿಗೆ ಮಾತ್ರವೋ, ಮಸಾಲೆ ಪೊಟ್ಟಣ ಸೇರಿಯೋ.

ಮಾಲ್ಟ್‌ಗೆ ಮಾತ್ರ ಯಾವ ನೆಪವೂ ಇಲ್ಲ. ಹುರಿದ ರಾಗಿ ಹಿಟ್ಟಿಗೆ ಬೇರೆ ಏನೂ ಬೇಡ. ಅಲ್ಲಿ ಸಕ್ಕರೆ 45, ರಾಗಿ 30 ಅಂತ ಕಂಡರೆ ನೀವು ಕೊಳ್ತಿರೋದು ರಾಗಿ ಬಣ್ಣದ ಸಕ್ಕರೆ.

ಪ್ರಕಾಶ್, ಮಂಡ್ಯ

ಅದನ್ನೇ ಅಲ್ವಾ ನಾನು ಹೇಳಿದ್ದು. ಮಿಲ್ಲಿಗೆ ಹಾಕ್ಸಿ.

ವಿನಯ್

ಅಪ್ಪನ ಶುಗರ್ ವಿಷಯದಲ್ಲಿ ಒಂದು ಮಾತು ಸುಮಾ ಅವರೇ. ನನ್ನ ತಾಯಿಗೂ ಇದೆ. ನಾವು 100% ನವಣೆ ಉಪ್ಪಿಟ್ಟು ಕೊಟ್ಟು ಮೀಟರ್‌ನಲ್ಲಿ ನೋಡಿದಾಗ ಬಟ್ಟಲು ತುಂಬಾ ತಿಂದರೆ ಏರಿತ್ತು. ಸಿರಿಧಾನ್ಯದಲ್ಲೂ ಪಿಷ್ಟ ಇದ್ದೇ ಇದೆ. ಶೇಕಡಾ ಜಾಸ್ತಿ ಅಂತ ಎರಡು ದೋಸೆ ಜಾಸ್ತಿ ಹಾಕಬೇಡಿ. ನೀವೂ ಊಟವಾದ ಎರಡು ಗಂಟೆಗೆ ಒಂದು ಸಲ ಚೆಕ್ ಮಾಡಿ ನೋಡಿ.

ಸುಮಾ, ತುಮಕೂರು

ಹೌದು ವಿನಯ್, ಮೀಟರ್ ಇದೆ. ಹೊಸ ಮಿಕ್ಸ್ ಶುರು ಮಾಡಿದ ಮೇಲೆ ನೋಡ್ತೀನಿ.

ಮಂಜುಳಾ, ಹೊಸದುರ್ಗ

ನಮಸ್ತೆ. ನಾವು ಸ್ವಸಹಾಯ ಸಂಘದಿಂದ ಮಿಕ್ಸ್, ಮಾಲ್ಟ್ ಮಾಡುವವರು. ಓದುತ್ತಾ ಸ್ವಲ್ಪ ಬೇಜಾರಾಯಿತು, ಎಲ್ಲ ತಯಾರಕರೂ ಕಳ್ಳರು ಅನ್ನುವ ಹಾಗೆ ಮಾತಾಡ್ತಿದ್ದೀರಿ. ಅಕ್ಕಿ ಹಾಕಿದರೆ ಖರ್ಚು ಕಡಿಮೆ, ಅದು ನಿಜ, ಮುಚ್ಚಿಡಲ್ಲ. ಆದರೆ ಬೇರೆ ಕಾರಣಗಳೂ ಇವೆ. ಸಜ್ಜೆ ತಗೊಳ್ಳಿ. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಹಿಟ್ಟು ಮಾಡಿದ ಸ್ವಲ್ಪ ದಿನಕ್ಕೇ ಕಹಿ ಬರುತ್ತೆ, ವಾಸನೆ ಕೆಡುತ್ತೆ. ಆರು ತಿಂಗಳು ಇರಬೇಕಾದ ಮಿಕ್ಸ್‌ಗೆ ಸಜ್ಜೆ 30% ಹಾಕೋಕೆ ನಮಗೆ ಧೈರ್ಯ ಬರಲ್ಲ. 5% ಹಾಕ್ತೀವಿ. ಅದನ್ನು ನೀವು ಚಿತ್ರಕ್ಕೆ ಮಾತ್ರ ಅಂದರೆ ಹೇಗೆ?

ನಾಗರತ್ನ

ಮಂಜುಳಾ, ಸಜ್ಜೆಯ ಮಾತು ನೂರಕ್ಕೆ ನೂರು ಸರಿ, ನಾವೂ ಅದರಿಂದ ಪಾಡು ಪಟ್ಟಿದ್ದೇವೆ. 5 ಹಾಕೋದು ತಪ್ಪಲ್ಲ. 5 ಹಾಕಿ ಮುಂದೆ "ಸಜ್ಜೆ ದೋಸೆ" ಅಂತ ದೊಡ್ಡದಾಗಿ ಬರೆದರೆ ನನ್ನ ತಕರಾರು.

ಮಂಜುಳಾ, ಹೊಸದುರ್ಗ

ನಾವು ಹಾಗೆ ಬರೆಯಲ್ಲ. ಸರಿ, ನಿಮಗೆ ಗೊತ್ತಿರೋದರಿಂದ ಒಂದು ಕೇಳ್ತೀನಿ. ನಮ್ಮ ರಾಗಿ ಮಾಲ್ಟ್: 6 ಕೆಜಿ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ ಜರಡಿ ಹಿಡಿದರೆ 5.2 ಕೆಜಿ ಹಿಟ್ಟು ಬರುತ್ತೆ. ಅದಕ್ಕೆ ಹುರಿಗಡಲೆ ಒಂದೂವರೆ ಕೆಜಿ, ಬೆಲ್ಲದ ಪುಡಿ ಎರಡೂವರೆ, ಬಾದಾಮಿ ಅರ್ಧ, ಏಲಕ್ಕಿ 50 ಗ್ರಾಂ. ಶೇಕಡಾ ಬರೆಯುವಾಗ 6 ಹಿಡಿಯಬೇಕಾ, 5.2 ಹಿಡಿಯಬೇಕಾ? ನಮ್ಮ ಹುಡುಗಿ 6 ಹಿಡಿದು 57% ಅಂತ ಲೇಬಲ್ ಬರೆದಿದ್ದಾಳೆ.

ನಾಗರತ್ನ

ಬೆರೆಸುವ ಹೊತ್ತಿಗೆ ಪಾತ್ರೆಗೆ ಹೋಗುವ ತೂಕ ಹಿಡಿಯಿರಿ. ನೀವು ಬೆರೆಸ್ತಿರೋದು 5.2 ಕೆಜಿ ಹಿಟ್ಟು. ಎಲ್ಲ ಸೇರಿ 9.75 ಕೆಜಿ. ಹಾಗಾದರೆ 53%. ಜರಡಿಯಲ್ಲಿ ಹೋದ ತೌಡು, ಆವಿಯಾದ ನೀರು ಪ್ಯಾಕೆಟ್‌ನಲ್ಲಿ ಇಲ್ಲವಲ್ಲ, ಅದನ್ನು ಸೇರಿಸೋ ಹಾಗಿಲ್ಲ. ಪಟ್ಟಿಯಲ್ಲಿ "ಮೊಳಕೆ ರಾಗಿ ಹಿಟ್ಟು (53%)" ಅಂತ ಮೊದಲು, ಆಮೇಲೆ ಬೆಲ್ಲ, ಹುರಿಗಡಲೆ. ಬಾದಾಮಿ ಚಿತ್ರ ಹಾಕಿದ್ದರೆ ಅದಕ್ಕೂ 5% ಅಂತ ಬರೀಬೇಕು.

ಶಿವಶಂಕರ್ (ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ)

ಪ್ರತಿ ಸಲವೂ 5.2 ಬರುತ್ತದೆಯೇ? ತೇವಾಂಶ ಮಳೆಗಾಲದಲ್ಲಿ ಬೇರೆ ಇರುತ್ತದೆ.

ಮಂಜುಳಾ, ಹೊಸದುರ್ಗ

ಇಲ್ಲ ಸರ್, 5ರಿಂದ 5.3 ತನಕ ಆಗುತ್ತೆ.

ನಾಗರತ್ನ

ಹಾಗಿದ್ದರೆ ಬೀಸಿದ ಮೇಲೆ ಹಿಟ್ಟನ್ನೇ 5.2 ತೂಗಿ ತಗೊಳ್ಳಿ, ಉಳಿದಿದ್ದು ಮುಂದಿನ ಸಲಕ್ಕೆ ಇಡಿ. ಪ್ರತಿ ಸಲವೂ ಒಂದೇ ಅಳತೆ ಆಗುತ್ತೆ.

ಮಂಜುಳಾ, ಹೊಸದುರ್ಗ

ಅದು ಮಾಡಬಹುದು. ಆದರೆ 57 ಅಂತ ಅಚ್ಚಾದ ಕವರ್ ಇನ್ನೂ ಒಂದು ಮೂಟೆ ಇದೆ. ಮೇಲೆ ಸ್ಟಿಕ್ಕರ್ ಹಚ್ಚಿ ಮಾರಬಹುದಾ, ಬಿಸಾಕಲೇಬೇಕಾ?

ನಾಗರತ್ನ

ಅದನ್ನು ನಾನು ಹೇಳೋಕೆ ಹೋಗಲ್ಲ, ನಿಮ್ಮ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನೇ ಕೇಳಿ. ಅಲ್ಲಿ ತನಕ ಹಳೆ ಕವರ್‌ನಲ್ಲಿ ತುಂಬಬೇಡಿ.

ಡಲ್ಲಾಸ್ ಕನ್ನಡಿಗ

ಸ್ಟಿಕ್ಕರ್ ಹಚ್ಚೋದಾದರೆ ಸುಲಭವಾಗಿ ಕೆರೆಯೋಕೆ ಬರೋ ಥರದ್ದು ಹಚ್ಚಿ ಮೇಡಂ 😀